ಕಷಾಯ ಎಲ್ಲಿಯವರೆಗೆ ಹೋಗುತ್ತದೆ?



ತುಳಸಿ ಹಬ್ಬ ಮುಗಿದು ಚಳಿ ಬಿತ್ತೆಂದರೆ ನಮ್ಮ ಹೊಸಪೇಟೆಯ ಓಣಿಗಳಲ್ಲಿ ಬೆಳಿಗ್ಗೆ ಎರಡು ಸದ್ದು ಕೇಳುತ್ತವೆ. ಮೊದಲು ಯಾರದೋ ಕೆಮ್ಮು, ಆಮೇಲೆ ಕುಟ್ಟಾಣಿಯ ಟಣ್ ಟಣ್. ತುಳಸಿ ಕಟ್ಟೆಯಿಂದ ನಾಲ್ಕು ಎಲೆ, ಒಂದು ತುಂಡು ಹಸಿಶುಂಠಿ, ನಾಲ್ಕಾರು ಕಾಳುಮೆಣಸು, ಇಷ್ಟು ಕುದಿಸಿದರೆ ಕಷಾಯ. ಹಸಿಶುಂಠಿಗೆ ನಮ್ಮ ಕಡೆ ಅಲ್ಲ ಎಂದೂ ಹೇಳುತ್ತೇವೆ. ಮಕ್ಕಳು ಮುಖ ಸಿಂಡರಿಸಿ ಕುಡಿಯುತ್ತಾರೆ, ಅಜ್ಜಿಯರು ಲೋಟ ಖಾಲಿಯಾಗುವ ತನಕ ಎದುರಿಗೇ ಕೂತಿರುತ್ತಾರೆ.

ಇದನ್ನು ಕುಡಿದರೆ ಗಂಟಲು ನೋವು ಹೋಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ‘ಹೋಗುತ್ತದೆ’ ಎಂದರೂ ಪೂರ್ತಿ ನಿಜವಲ್ಲ, ‘ಹೋಗುವುದಿಲ್ಲ’ ಎಂದರೂ ಪೂರ್ತಿ ನಿಜವಲ್ಲ. ಬ್ಯಾಂಕಿನಲ್ಲಿ ಕೂತು ಜಮಾ-ಖರ್ಚು ಬರೆದವನಿಗೆ ಎರಡೂ ಕಡೆ ನೋಡುವುದೇ ಅಭ್ಯಾಸ. ಈ ವಾರ ಕಷಾಯದ ಎರಡೂ ಕಡೆಯನ್ನು ನೋಡೋಣ. ಮೊದಲು ಅದನ್ನು ಸರಿಯಾಗಿ ಮಾಡಿಕೊಳ್ಳೋಣ.

ಮಾಡುವ ಕ್ರಮ

ಇಬ್ಬರು ದೊಡ್ಡವರಿಗೆ ಎರಡು ಲೋಟ, ಅಂದರೆ ಸುಮಾರು 400 ಮಿಲಿ ಲೀಟರ್ ನೀರು ಸಾಕು. ಹೆಬ್ಬೆರಳ ತುದಿಯಷ್ಟು ಹಸಿಶುಂಠಿ ತೊಳೆದು ಜಜ್ಜಿ. ಎಂಟು ಕಾಳುಮೆಣಸನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಇವೆರಡನ್ನೂ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕುದಿಸಿ. ಎರಡು ಲೋಟ ನೀರು ಒಂದೂವರೆ ಲೋಟಕ್ಕೆ ಇಳಿದಾಗ ಒಲೆ ಆರಿಸಿ. ಈಗ ಹತ್ತು-ಹನ್ನೆರಡು ತುಳಸಿ ಎಲೆಗಳನ್ನು ಕೈಯಲ್ಲಿ ಹರಿದು ಹಾಕಿ, ತಟ್ಟೆ ಮುಚ್ಚಿ. ಐದು ನಿಮಿಷ ಬಿಟ್ಟು ಸೋಸಿ, ಅಡಿಕೆ ಗಾತ್ರದ ಬೆಲ್ಲ ಹಾಕಿ ಕಲಕಿ.

ತುಳಸಿಯನ್ನು ಕೊನೆಗೆ ಹಾಕುವುದೇಕೆ? ತುಳಸಿಯ ಪರಿಮಳವಿರುವುದು ಎಲೆಯೊಳಗಿನ ಎಣ್ಣೆಯಲ್ಲಿ. ಅದು ಆವಿಯ ಜೊತೆ ಬೇಗ ಹಾರಿಹೋಗುತ್ತದೆ. ಮೊದಲಿಂದಲೇ ಹಾಕಿ ಕುದಿಸಿದರೆ ಅಡುಗೆಮನೆಯೆಲ್ಲ ಘಮಘಮ ಎನ್ನುತ್ತದೆ, ಲೋಟದಲ್ಲಿ ಮಾತ್ರ ಕಹಿ ಉಳಿಯುತ್ತದೆ. ಶುಂಠಿ ಹಾಗಲ್ಲ. ಅದರ ಖಾರ ನಾರಿನೊಳಗೆ ಕೂತಿರುವುದರಿಂದ ಅದನ್ನು ಹೊರಗೆ ತರಲು ಕುದಿಸಲೇಬೇಕು. ಮೆಣಸನ್ನು ಆಗಿಂದಾಗಲೇ ಕುಟ್ಟಬೇಕು. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಮೆಣಸಿನ ಪುಡಿಯಲ್ಲಿ ಖಾರ ಸ್ವಲ್ಪ ಉಳಿದಿದ್ದರೂ ಘಮ ಇರುವುದಿಲ್ಲ.

ಹಸಿಶುಂಠಿ ಸಿಗದಿದ್ದರೆ ಒಣಶುಂಠಿ ಆದೀತು. ಆದರೆ ಅಳತೆ ಅದೇ ಅಲ್ಲ. ಶುಂಠಿ ಒಣಗಿದಾಗ ಅದರೊಳಗಿನ ಖಾರದ ಅಂಶವೇ ಬದಲಾಗಿ ಇನ್ನಷ್ಟು ತೀಕ್ಷ್ಣವಾಗುತ್ತದೆ. ಹಾಗಾಗಿ ಒಣಶುಂಠಿ ಪುಡಿ ಕಾಲು ಚಮಚಕ್ಕಿಂತ ಹೆಚ್ಚು ಬೇಡ.

ಆರು ವರ್ಷ ದಾಟಿದ ಮಕ್ಕಳಿಗೆ ಈ ಕಷಾಯದ ಕಾಲು ಲೋಟಕ್ಕೆ ಅಷ್ಟೇ ಬಿಸಿನೀರು ಬೆರೆಸಿ ಕೊಡಿ. ಅದಕ್ಕಿಂತ ಚಿಕ್ಕವರಿಗೆ ಖಾರ ಬೇಡವೇ ಬೇಡ, ಬೆಚ್ಚಗಿನ ನೀರೋ ಬೇಳೆಕಟ್ಟಿನ ತಿಳಿಯೋ ಸಾಕು. ಬೆಲ್ಲದ ಬದಲು ಜೇನು ಹಾಕುವವರು ಒಂದು ಮಾತು ನೆನಪಿಡಬೇಕು. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಜೇನಿನಲ್ಲಿ ಒಮ್ಮೊಮ್ಮೆ ಇರುವ ಒಂದು ಬಗೆಯ ಬ್ಯಾಕ್ಟೀರಿಯಾ ಬೀಜ ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು.

ಇನ್ನು ಬಿಸಿ. ‘ಕುದಿಕುದಿಯಾಗೇ ಕುಡಿ’ ಎನ್ನುವ ಹಿರಿಯರಿದ್ದಾರೆ. ಬೇಡ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು ಕುಡಿಯುವ ರೂಢಿ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ಮನೆಯಲ್ಲಿ ಥರ್ಮಾಮೀಟರ್ ಹಿಡಿದು ನೋಡಬೇಕಿಲ್ಲ. ಸ್ಟೀಲ್ ಲೋಟವನ್ನು ಬಟ್ಟೆಯಿಲ್ಲದೆ ಅಂಗೈಯಲ್ಲಿ ಆರಾಮವಾಗಿ ಹಿಡಿಯಲು ಬಂದರೆ ಕುಡಿಯಲು ಸರಿಯಾದ ಹದ.

ಹಿತವಾಗುವುದು ಯಾವುದರಿಂದ?

ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ನೆಗಡಿಯನ್ನೇ ಅಭ್ಯಾಸ ಮಾಡುವ ಒಂದು ಕೇಂದ್ರವಿತ್ತು. 2008ರಲ್ಲಿ ಅಲ್ಲಿನವರು ನೆಗಡಿಯಾದ 30 ಮಂದಿಗೆ ಒಂದೇ ಹಣ್ಣಿನ ಪಾನಕ ಕೊಟ್ಟು ನೋಡಿದರು. ಕೆಲವರಿಗೆ ಅದನ್ನು ಬಿಸಿ ಮಾಡಿ ಕೊಟ್ಟರು, ಉಳಿದವರಿಗೆ ಹಾಗೆಯೇ ಕೊಟ್ಟರು. ಹಾಗೆಯೇ ಕುಡಿದವರಿಗೆ ಸೀನು, ಕೆಮ್ಮು, ಮೂಗು ಸೋರುವುದು ಸ್ವಲ್ಪ ಹಗುರಾಯಿತು. ಬಿಸಿ ಕುಡಿದವರಿಗೆ ಇವುಗಳ ಜೊತೆಗೆ ಗಂಟಲು ನೋವು, ಚಳಿ, ಸುಸ್ತೂ ಕಡಿಮೆಯಾದವು. ಪಾನಕದಲ್ಲಿ ತುಳಸಿಯೂ ಇರಲಿಲ್ಲ, ಮೆಣಸೂ ಇರಲಿಲ್ಲ.

ಅಂದರೆ ಕಷಾಯದ ಹಿತದಲ್ಲಿ ದೊಡ್ಡ ಪಾಲು ಬಿಸಿನೀರಿನದು. ಒಣಗಿದ ಗಂಟಲು ಒದ್ದೆಯಾಗುತ್ತದೆ, ಅಂಟಿದ ಕಫ ಸಡಿಲವಾಗುತ್ತದೆ.

ಹಾಗಾದರೆ ಶುಂಠಿ, ಮೆಣಸಿಗೆ ಕೆಲಸವಿಲ್ಲವೇ? ಇದೆ. ಮೆಣಸು ಕಡಿದಾಗ ನಾಲಿಗೆ ಉರಿಯುತ್ತದಲ್ಲ, ನಿಜವಾಗಿ ಅಲ್ಲಿ ಬಿಸಿಯೇನೂ ಇರುವುದಿಲ್ಲ. ಬಿಸಿಯನ್ನು ಮಿದುಳಿಗೆ ತಿಳಿಸುವ ನರಗಳನ್ನೇ ಮೆಣಸಿನ ಖಾರ ತಟ್ಟಿ ಎಬ್ಬಿಸುತ್ತದೆ. ಕೂಡಲೇ ಬಾಯಲ್ಲಿ ನೀರೂರುತ್ತದೆ, ಮೂಗು ಸೋರುತ್ತದೆ. ಹೀಗೆ ಊರಿದ ಜೊಲ್ಲು ಗಂಟಲನ್ನು ಇನ್ನಷ್ಟು ಹೊತ್ತು ಒದ್ದೆಯಾಗಿಡುತ್ತದೆ. ಬೆಲ್ಲ, ಜೇನು ಗಂಟಲ ಮೇಲೆ ತೆಳುವಾಗಿ ಸವರಿದಂತೆ ಕೂತು ಕೆರೆತ ತಗ್ಗಿಸುತ್ತವೆ. ಈ ಹಿತ ಅರ್ಧ ಗಂಟೆಯೋ ಒಂದು ಗಂಟೆಯೋ ಇರುತ್ತದೆ. ರಾತ್ರಿ ಮಲಗುವ ಮುಂಚೆ ಕುಡಿದ ಮಗು ಕೆಮ್ಮದೆ ನಿದ್ದೆ ಹೋದರೆ ಅದು ಸಣ್ಣ ಲಾಭವೇನಲ್ಲ.

‘ತುಳಸಿ ರೋಗಾಣುಗಳನ್ನು ಕೊಲ್ಲುತ್ತದಂತೆ’ ಎಂದು ಕೆಲವರು ಹೇಳುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿ ತುಳಸಿ ಎಣ್ಣೆ ಕೆಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವುದು ನಿಜ. ಆದರೆ ಅಲ್ಲಿ ಗಟ್ಟಿ ಎಣ್ಣೆ ಗಂಟೆಗಟ್ಟಲೆ ರೋಗಾಣುವಿನ ಮೇಲೆಯೇ ಇರುತ್ತದೆ. ನಮ್ಮ ಲೋಟದಲ್ಲಿರುವುದು ಅದರ ಸುಳಿವು ಮಾತ್ರ, ಅದೂ ಗಂಟಲನ್ನು ಎರಡು ಕ್ಷಣ ತಾಕಿ ಹೊಟ್ಟೆಗೆ ಇಳಿಯುತ್ತದೆ. ನೆಗಡಿಯ ವೈರಸ್ ಇರುವುದು ಗಂಟಲಿನ ಜೀವಕೋಶಗಳ ಒಳಗೆ. ಅದನ್ನು ಓಡಿಸುವುದು ನಮ್ಮ ದೇಹವೇ, ಸಾಮಾನ್ಯವಾಗಿ ಒಂದು ವಾರದಲ್ಲಿ.

2020ರ ಲಾಕ್‌ಡೌನ್ ಅಜ್ಜ-ಅಜ್ಜಿಯರಿಗೆ ನೆನಪಿರಬೇಕು. ಆಗ ಕೇಂದ್ರದ ಆಯುಷ್ ಸಚಿವಾಲಯ ‘ಆಯುಷ್ ಕ್ವಾಥ’ ಎಂಬ ಪುಡಿಯ ಅಳತೆ ಪ್ರಕಟಿಸಿತು. ತುಳಸಿ 4 ಪಾಲು, ದಾಲ್ಚಿನ್ನಿ 2 ಪಾಲು, ಒಣಶುಂಠಿ 2 ಪಾಲು, ಕಾಳುಮೆಣಸು 1 ಪಾಲು, ಒಟ್ಟು 9 ಪಾಲು. ಒಂದು ಸಲಕ್ಕೆ 3 ಗ್ರಾಂ ಪುಡಿ, 150 ಮಿಲಿ ಲೀಟರ್ ಕುದಿಸಿದ ನೀರು, ದಿನಕ್ಕೆ ಒಂದೋ ಎರಡೋ ಸಲ. ಮಕ್ಕಳೇ, ಲೆಕ್ಕ ಹಾಕಿ. 3 ಗ್ರಾಮನ್ನು 9 ಪಾಲು ಮಾಡಿದರೆ ಒಂದು ಪಾಲು ಗ್ರಾಮಿನ ಮೂರನೇ ಒಂದು ಭಾಗ. ಮೆಣಸು ಅಷ್ಟೇ, ಆರೇಳು ಕಾಳು. ಆ ಸೂಚನೆಗಳಲ್ಲೇ ಇದು ಕೋವಿಡ್‌ಗೆ ಚಿಕಿತ್ಸೆಯೆಂದು ಹೇಳುತ್ತಿಲ್ಲ ಎಂದೂ ಬರೆದಿತ್ತು. ಜನ ಅಳತೆಯನ್ನೂ ಓದಲಿಲ್ಲ, ಆ ಸಾಲನ್ನೂ ಓದಲಿಲ್ಲ. ನಮ್ಮ ಓಣಿಯಲ್ಲೇ ದಿನಕ್ಕೆ ಐದಾರು ಸಲ, ಹಿಡಿ ಮೆಣಸು ಹಾಕಿ ಕುಡಿದವರಿದ್ದರು. ಬಾಯಿಹುಣ್ಣು, ಎದೆಯುರಿ ಅಂಟಿಕೊಂಡಿದ್ದಷ್ಟೇ ಲಾಭ.

ಎರಡು ದಾರಿ

ಈಗ ಮುಖ್ಯವಾದ ಮಾತು. ಗಂಟಲಿನ ಹಿಂದೆ ಎರಡು ದಾರಿಗಳಿವೆ. ಒಂದು ಅನ್ನನಾಳ, ಹೊಟ್ಟೆಗೆ ಹೋಗುತ್ತದೆ. ಇನ್ನೊಂದು ಶ್ವಾಸನಾಳ, ಪುಪ್ಪುಸಕ್ಕೆ ಹೋಗುತ್ತದೆ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ತಪ್ಪಿ ಒಂದು ಹನಿ ಹೋದರೂ ನೆತ್ತಿಗೆ ಹತ್ತಿ ಕೆಮ್ಮುತ್ತೇವೆ. ಅಂದರೆ ಕಷಾಯ ಹೋಗುವುದು ಅನ್ನದ ದಾರಿಯಲ್ಲಿ ಮಾತ್ರ. ಉಸಿರಿನ ದಾರಿಯನ್ನು ಅದು ಮುಟ್ಟುವುದೇ ಇಲ್ಲ.

ಸಂಡೂರಿನ ಕಡೆ ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಗಳನ್ನು ನೋಡಿದವರಿಗೆ ಗೊತ್ತು. ಗಿಡದ ಎಲೆಯೂ ಕೆಂಪು, ಒಣಹಾಕಿದ ಬಟ್ಟೆಯೂ ಕೆಂಪು. ಅಲ್ಲಿ ಗಂಟಲು ಕೆರೆಯುವುದು ರೋಗಾಣುವಿನಿಂದಲ್ಲ, ಧೂಳಿನಿಂದ. ಜ್ವರ ಇರುವುದಿಲ್ಲ. ಊರು ಬಿಟ್ಟು ನಾಲ್ಕು ದಿನ ಎಲ್ಲಿಗಾದರೂ ಹೋದರೆ ತಾನಾಗಿ ಕಡಿಮೆ, ಬಂದರೆ ಮತ್ತೆ ಶುರು. ಹೀಗಿದ್ದರೆ ಕಾರಣ ಧೂಳೇ ಇರಬೇಕೆಂದು ಊಹಿಸಬಹುದು. ಕಷಾಯ ಗಂಟಲಿನ ಧೂಳನ್ನು ತೊಳೆದು ಹಿತ ಕೊಡುತ್ತದೆ. ಆದರೆ ‘ಪುಪ್ಪುಸದ ಧೂಳು ತೊಳೆಯುತ್ತದೆ’ ಎಂಬ ಮಾತು ಸುಳ್ಳು, ಅದು ಆ ದಾರಿಯಲ್ಲಿ ಹೋಗುವುದೇ ಇಲ್ಲವಲ್ಲ. ಮೂಗು-ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್, ಅಂಗಳಕ್ಕೆ ನೀರು, ರಸ್ತೆ ಕಡೆಯ ಕಿಟಕಿಗೆ ಪರದೆ, ಧೂಳಿಗೆ ಮದ್ದು ಇವೇ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಬೇಕು. ಕ್ಷಯ ಅಲ್ಲವೆಂದು ಖಚಿತವಾಗಬೇಕಲ್ಲ.

ಹಂಪಿಯಲ್ಲಿ ಪ್ರವಾಸಿಗರಿಗೆ ವಿವರಿಸುವ ಗೈಡುಗಳದು ಇನ್ನೊಂದು ಕಥೆ. ವಿರೂಪಾಕ್ಷ ಗುಡಿಯಿಂದ ವಿಜಯ ವಿಠ್ಠಲ ಗುಡಿಯವರೆಗೆ ಬಿಸಿಲಲ್ಲಿ ದಿನವಿಡೀ ಕೂಗಿ ಹೇಳಿ ಸಂಜೆಗೆ ದನಿಯೇ ಬಿದ್ದುಹೋಗುತ್ತದೆ. ಮೇಷ್ಟ್ರುಗಳಿಗೂ ಹೀಗಾಗುತ್ತದೆ. ದನಿ ಹೊರಡಿಸುವ ತಂತುಗಳಿರುವುದು ಉಸಿರಿನ ದಾರಿಯ ಬಾಯಲ್ಲಿ. ನಾವು ನುಂಗಿದ ಕಷಾಯ ಅವುಗಳ ಪಕ್ಕದಿಂದ ಹೋಗುತ್ತದೆ, ಅವುಗಳ ಮೇಲೆ ಬೀಳುವುದಿಲ್ಲ. ಬಿದ್ದ ದನಿಗೆ ಬೇಕಾದದ್ದು ಎರಡು ದಿನದ ಮೌನ ಮತ್ತು ಆಗಾಗ ನೀರು. ಪಿಸುಮಾತೂ ಬೇಡ, ಅದು ತಂತುಗಳಿಗೆ ಇನ್ನಷ್ಟು ಶ್ರಮ. ಮೂರು ವಾರವಾದರೂ ದನಿ ಸರಿಯಾಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರು ಒಳಗೆ ನೋಡಲೇಬೇಕು.

ನನ್ನ ವಯಸ್ಸಿನವರಿಗೂ ಒಂದು ಮಾತಿದೆ. ಬೆಳಿಗ್ಗೆ ಎದ್ದಾಗ ಗಂಟಲಲ್ಲಿ ಹುಳಿ, ಕೆರೆತ, ಪದೇಪದೇ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಇದ್ದರೆ ಅದು ಚಳಿಯಿಂದ ಬಂದದ್ದಲ್ಲದೆ ಹೊಟ್ಟೆಯ ಹುಳಿ ಮೇಲೆ ಬಂದದ್ದಾಗಿರಬಹುದು. ಅಂಥವರು ಶುಂಠಿ-ಮೆಣಸಿನ ಕಷಾಯ ಕುಡಿದಷ್ಟೂ ಹುಳಿ ಹೆಚ್ಚುತ್ತದೆ, ಗಂಟಲು ಕೆಡುತ್ತದೆ, ಮತ್ತೆ ಕಷಾಯ ಕುಡಿಯುತ್ತಾರೆ. ಒಂದು ವಾರ ಕಷಾಯ ನಿಲ್ಲಿಸಿ, ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರವಿಟ್ಟು ನೋಡಿ. ಗಂಟಲು ಸುಧಾರಿಸಿದರೆ ಕಾರಣ ಗೊತ್ತಾಯಿತು. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲವೂ ಸಕ್ಕರೆಯೇ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ದಿನಾ ಶುಂಠಿ ಕಷಾಯ ಕುಡಿಯುವ ಮುಂಚೆ ವೈದ್ಯರನ್ನು ಕೇಳಬೇಕು.

ಕಂಪ್ಲಿಯ ಅಣ್ಣ-ತಂಗಿ

ಕಂಪ್ಲಿಯಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. ಅಲ್ಲಿ ಹನ್ನೊಂದು ವರ್ಷದ ಅಣ್ಣ, ಎಂಟು ವರ್ಷದ ತಂಗಿ. ಮೊದಲು ಅಣ್ಣನಿಗೆ ಗಂಟಲು ನೋವು ಬಂತು. ಜೊತೆಗೆ ಮೂಗು ಸೋರುವುದು, ಸೀನು, ಕೆಮ್ಮು, ಮೈ ಸ್ವಲ್ಪ ಬೆಚ್ಚಗೆ. ಅಜ್ಜಿ ಬೆಳಿಗ್ಗೆ, ರಾತ್ರಿ ಕಷಾಯ ಕೊಟ್ಟರು. ನಾಲ್ಕನೇ ದಿನ ಗಂಟಲು ಹಗುರಾಯಿತು, ವಾರದೊಳಗೆ ಹುಡುಗ ಕಾಲುವೆ ದಂಡೆಯಲ್ಲಿ ಆಡುತ್ತಿದ್ದ. ಇದು ವೈರಸ್‌ನ ನೆಗಡಿ. ಕಷಾಯವಿಲ್ಲದಿದ್ದರೂ ಅಷ್ಟೇ ದಿನಕ್ಕೆ ಹೋಗುತ್ತಿತ್ತು, ಕಷಾಯದಿಂದ ಆ ದಿನಗಳು ಸುಖವಾಗಿ ಕಳೆದವು.

ಎರಡು ವಾರದ ಮೇಲೆ ತಂಗಿಯ ಸರದಿ. ಬೆಳಿಗ್ಗೆ ಶಾಲೆಗೆ ಹೋದವಳು ಸಂಜೆಗೆ 102 ಡಿಗ್ರಿ ಜ್ವರದಲ್ಲಿ ಮಲಗಿದಳು. ಜೊಲ್ಲು ನುಂಗಲೂ ನೋವು, ತಲೆನೋವು, ಹೊಟ್ಟೆನೋವು. ಅಜ್ಜಿ ಕಷಾಯ ಕೊಟ್ಟರು. ಅರ್ಧ ಗಂಟೆ ಹಿತ, ಆಮೇಲೆ ಮತ್ತೆ ಅದೇ ನೋವು. ಮರುದಿನ ಅಜ್ಜಿ ಗಮನಿಸಿದ್ದು ಒಂದೇ. ಈ ಹುಡುಗಿಗೆ ನೆಗಡಿಯೂ ಇಲ್ಲ, ಕೆಮ್ಮೂ ಇಲ್ಲ. ದವಡೆಯ ಕೆಳಗೆ ಮುಟ್ಟಿದರೆ ಗಂಟು, ನೋವು. ಟಾರ್ಚ್ ಹಿಡಿದು ‘ಆ’ ಅನ್ನಿಸಿದರೆ ಗಂಟಲಿನ ಎರಡೂ ಪಕ್ಕ ಕೆಂಪಗೆ ಉಬ್ಬಿ ಬಿಳಿ ಚುಕ್ಕೆಗಳು. ‘ಇದು ಅಣ್ಣನಿಗೆ ಬಂದಂಥದ್ದಲ್ಲ’ ಎಂದು ಅಂದೇ ವೈದ್ಯರ ಬಳಿ ಕರೆದುಕೊಂಡು ಹೋದರು.

ವೈದ್ಯರು ಪರೀಕ್ಷೆ ಮಾಡಿ, ಇದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಎಂದು ಹೇಳಿ ಹತ್ತು ದಿನದ ಔಷಧಿ ಬರೆದರು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಇದು ಹೆಚ್ಚು. ಮೂರನೇ ದಿನಕ್ಕೆ ಜ್ವರ ಇಳಿಯಿತು. ಹುಡುಗಿ ಶುರುಮಾಡಿದಳು, ‘ಅಜ್ಜಿ, ಜ್ವರ ಹೋಗೈತಲ್ಲ, ಇನ್ಯಾಕ ಗುಳಿಗಿ?’ ಅಜ್ಜಿ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಾ ಹೇಳಿದರು, ‘ಡಾಕ್ಟ್ರು ಹತ್ತು ದಿನ ಅಂದಾರವ್ವ. ಹತ್ತಂದ್ರ ಹತ್ತು.’

ಅಜ್ಜಿಯ ಹಟ ಸರಿ. ಈ ಸೋಂಕಿಗೆ ಔಷಧಿ ಬೀಳದಿದ್ದರೆ ಗಂಟಲು ನೋವು ತಾನಾಗಿ ಹೋಗಿಬಿಡಬಹುದು. ಆದರೆ ಕೆಲವು ಮಕ್ಕಳಲ್ಲಿ ಎರಡು-ಮೂರು ವಾರದ ಮೇಲೆ ಸಂಧಿವಾತ ಜ್ವರ ಬರುತ್ತದೆ. ಮೊಣಕಾಲು ಬಾತು ನೋವು, ಒಂದು ಕೀಲಿನಿಂದ ಇನ್ನೊಂದಕ್ಕೆ ಓಡಾಡುವ ನೋವು, ನಡೆದರೆ ಏದುಸಿರು. ರೋಗಾಣುವಿನ ಮೇಲೆ ಹೋರಾಡಲು ಹೊರಟ ದೇಹದ ಸೈನ್ಯ ದಾರಿ ತಪ್ಪಿ ಹೃದಯದ ಕವಾಟಗಳಿಗೇ ಪೆಟ್ಟು ಕೊಡುತ್ತದೆ. ಆ ಪೆಟ್ಟು ಜೀವನಪೂರ್ತಿ ಉಳಿಯಬಹುದು. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಸರಿಯಾದ ಔಷಧಿ ಶುರುವಾದರೆ ಇದನ್ನು ತಡೆಯಬಹುದು. ಕಷಾಯದ ಹಿತವನ್ನೇ ನಂಬಿ ಆ ಒಂಬತ್ತು ದಿನ ಕಳೆದುಬಿಟ್ಟರೆ ಅದೇ ದೊಡ್ಡ ನಷ್ಟ. ಹಾಗೆಂದು ಅಣ್ಣನಿಗೆ ಬಂದಂಥ ನೆಗಡಿಗೆ ತಂಗಿಯ ಗುಳಿಗೆ ತಿನ್ನಿಸಬಾರದು. ಆ ಔಷಧಿ ಬ್ಯಾಕ್ಟೀರಿಯಾಕ್ಕೆ, ವೈರಸ್‌ಗೆ ಅಲ್ಲ.

ಕಾಯಲೇಬಾರದ ಗಂಟಲು ಇನ್ನೊಂದಿದೆ. ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿ, ಕುತ್ತಿಗೆ ದಪ್ಪಗೆ ಬಾತು, ಉಸಿರಾಡಲು ಕಷ್ಟವಾದರೆ ಅದು ಹಿರಿಯರು ಹೇಳುತ್ತಿದ್ದ ಗಂಟಲುಮಾರಿ ಇರಬಹುದು. ಪೊರೆಯನ್ನು ಕೆರೆಯದೆ, ಏನನ್ನೂ ಕುಡಿಸದೆ ಆ ಗಳಿಗೆಯಲ್ಲೇ ದೊಡ್ಡಾಸ್ಪತ್ರೆಗೆ ಓಡಬೇಕು. ಮಗು ಬಾಯಿ ತೆರೆಯಲಾಗದೆ ಜೊಲ್ಲು ಸುರಿಸುತ್ತಿದ್ದರೂ ಹಾಗೆಯೇ. ಗಂಟಲುಮಾರಿಯನ್ನು ತಡೆಯುವುದು ಲಸಿಕೆ. ಕೂಸಿನಲ್ಲಿ ಹಾಕಿಸಿದ್ದು ಸಾಲದು, 10 ಮತ್ತು 16ನೇ ವಯಸ್ಸಿಗೆ ಮತ್ತೆ ಹಾಕಿಸಬೇಕು. ಶಾಲೆಗೆ ಲಸಿಕೆ ಹಾಕಲು ಬಂದ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿಯುವ ಮಕ್ಕಳು ಇದನ್ನು ಎರಡು ಸಲ ಓದಬೇಕು.

ಈ ವಾರದ ಕೆಲಸ

ಮಕ್ಕಳೇ, ದೊಡ್ಡವರನ್ನು ಜೊತೆಗಿಟ್ಟುಕೊಂಡು ಒಂದು ಪರೀಕ್ಷೆ ಮಾಡಿ. ಒಲೆಯ ಕೆಲಸ ಅವರದು, ಮೂಗು-ನಾಲಿಗೆಯ ಕೆಲಸ ನಿಮ್ಮದು. ಒಂದು ಲೋಟ ನೀರಿಗೆ ಆರು ತುಳಸಿ ಎಲೆ ಹಾಕಿ ಹತ್ತು ನಿಮಿಷ ಕುದಿಸಿರಿ. ಇನ್ನೊಂದು ಲೋಟ ನೀರನ್ನು ಕುದಿಸಿ ಇಳಿಸಿ, ಆಮೇಲೆ ಆರು ಎಲೆ ಹಾಕಿ ಐದು ನಿಮಿಷ ಮುಚ್ಚಿಡಿ. ಎರಡನ್ನೂ ಆರಿಸಿ, ಕಣ್ಣು ಮುಚ್ಚಿ ಮೂಸಿ, ಒಂದೊಂದು ಚಮಚ ಕುಡಿದು ನೋಡಿ. ಯಾವುದರಲ್ಲಿ ಪರಿಮಳ, ಯಾವುದರಲ್ಲಿ ಕಹಿ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಅಜ್ಜ-ಅಜ್ಜಿಯರೇ, ನಿಮ್ಮ ಕೆಲಸ ಕ್ಯಾಲೆಂಡರಿನದು. ಮನೆಯಲ್ಲಿ ಮಗುವಿಗೆ ಗಂಟಲು ನೋವು ಶುರುವಾದ ದಿನ ಒಂದು ಗೀಟು ಎಳೆಯಿರಿ. ಪಕ್ಕದಲ್ಲಿ ಜ್ವರ ಎಷ್ಟು, ನೆಗಡಿ-ಕೆಮ್ಮು ಇದೆಯೋ ಇಲ್ಲವೋ ಎಂದು ಬರೆಯಿರಿ. ಜ್ವರವಿದ್ದು ನೆಗಡಿ-ಕೆಮ್ಮು ಇಲ್ಲದಿದ್ದರೆ ಮರುದಿನವೇ ವೈದ್ಯರ ಹತ್ತಿರ ಹೋಗಿ, ಆ ಚೀಟಿಯನ್ನೂ ತೋರಿಸಿ. ಕಷಾಯವನ್ನು ಬಂದ ಮೇಲೂ ಕುಡಿಸಬಹುದು.